ಮೂರು ವರ್ಷ ಬಳಸಿದ ಪ್ರಶ್ನೆಕೋಶ, ಮೊಣಕಾಲಲ್ಲಿ ಎಡವಿದೆ

ಹನ್ನೆರಡನೇ ತರಗತಿಯ ದೈಹಿಕ ಶಿಕ್ಷಣಕ್ಕೆಂದು ಈ ಪ್ರಶ್ನೆಕೋಶ ತಗೊಂಡು ಮೂರು ವರ್ಷವಾಯ್ತು. 340 ರೂಪಾಯಿ, ಶಾಲೆಯದ್ದಲ್ಲ, ನನ್ನ ಜೇಬಿನದ್ದು. ಭಾನುವಾರ ಸಂಜೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಮಾರ್ಜಿನ್‌ನಲ್ಲಿ ಪೆನ್ಸಿಲ್ ಆಡಿಸುತ್ತಾ ಟೆಸ್ಟಿಗೆ ಪ್ರಶ್ನೆ ಆರಿಸುವುದು ರೂಢಿಯಾಗಿಬಿಟ್ಟಿದೆ. ಬೈಂಡಿಂಗ್ ಇನ್ನೂ ಬಿಟ್ಟಿಲ್ಲ, ಚಿತ್ರಗಳೂ ಚೆನ್ನಾಗಿವೆ.

ಆದರೆ ನಾನು ಕೊಂಡಿದ್ದೇ ಆಟದ ನಿಯಮಕ್ಕೂ, ದೇಹದ ಚಲನೆ ವಿವರಿಸುವ ಬಯೋಮೆಕ್ಯಾನಿಕ್ಸ್‌ಗೂ ಗಂಟು ಹಾಕುವ ಪ್ರಶ್ನೆಗಳಿಗಾಗಿ. ಅಲ್ಲೇ ಮೋಸ. ಒಂದು ನೋಡಿ: ‘ನಡಿಗೆ ಸ್ಪರ್ಧೆಯ ಎರಡು ನಿಯಮ ಬರೆದು, ಸೊಂಟದ ಚಲನೆ ವಿವರಿಸಿ.’ ಮೊದಲರ್ಧವನ್ನು ಬೆರಳಿಂದ ಮುಚ್ಚಿ ಓದಿದೆ. ಉಳಿದರ್ಧಕ್ಕೆ ಆರಾಮಾಗಿ ಉತ್ತರ ಬರೆಯಬಹುದು. ಅಂದರೆ ಎರಡು ಪ್ರಶ್ನೆಗಳನ್ನು ಪಕ್ಕ ಪಕ್ಕ ಕೂರಿಸಿದ್ದಾರೆ, ಅಷ್ಟೆ. ಈಗ ಪ್ರತಿ ಪ್ರಶ್ನೆಗೂ ಈ ಬೆರಳಿನ ಪರೀಕ್ಷೆ ಮಾಡುತ್ತೇನೆ.

ಅದನ್ನೇ ತಿದ್ದಿ ಹೀಗೆ ಕೊಟ್ಟೆ: ‘ಮೊಣಕಾಲು ನೇರವಿರಬೇಕೆಂಬ ನಿಯಮ ತೆಗೆದರೆ ಸ್ಪರ್ಧಿಯ ಸೊಂಟದ ಓಲಾಟ ಯಾಕೆ ಕಡಿಮೆಯಾಗಬಹುದು?’ ನಾಲ್ಕು ಅಂಕ. ಬರಬೇಕಾದ ಉತ್ತರ ಇದು: ಊರಿದ ಕಾಲು ಮಡಿಸುವಂತಿಲ್ಲವಾದ್ದರಿಂದ ದೇಹ ಆ ಕಾಲಿನ ಮೇಲೆ ದಾಟುವಾಗ ಮೇಲಕ್ಕೇಳುತ್ತದೆ. ಆ ಏರಿಕೆ ತಗ್ಗಿಸಲು ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗಿಳಿಯುತ್ತದೆ. ಅದೇ ಬದಿ ಮುಂದಕ್ಕೆ ತಿರುಗಿ ಹೆಜ್ಜೆ ಉದ್ದವಾಗುತ್ತದೆ. ಮಡಿಸಲು ಬಿಟ್ಟರೆ ಈ ಕೆಲಸದ ಬಹುಪಾಲು ಮೊಣಕಾಲೇ ಮಾಡಿಕೊಳ್ಳುತ್ತದೆ. ಕಾರಣ ಹೇಳಿದ್ದಕ್ಕೆ ಎರಡು, ಸೊಂಟದ ಎರಡು ಚಲನೆಗೆ ಒಂದೊಂದು ಅಂಕ ಇಟ್ಟೆ.

ಉತ್ತರ ಪತ್ರಿಕೆ ತಿದ್ದುವಾಗ ನೋಡಿದರೆ ಅರ್ಧ ತರಗತಿ ‘ಕಾಲು ಯಾವಾಗಲೂ ನೇರ’ ಎಂದು ಬರೆದಿತ್ತು. ಎಲ್ಲಿಂದ ಬಂತಪ್ಪಾ ಎಂದು ಹುಡುಕಿದರೆ, ಇದೇ ಪುಸ್ತಕದ ಉತ್ತರ ಸೂಚಿಯಿಂದ! ನಿಯಮ ಹೇಳುವುದು ಬೇರೆ: ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದಡಿ ನೆಟ್ಟಗೆ ನಿಲ್ಲುವವರೆಗೆ ಮಾತ್ರ ನೇರವಿರಬೇಕು. ಆಮೇಲೆ ಮಡಿಸಬಹುದು, ಮಡಿಸಲೇಬೇಕು. ಮಾರನೇ ದಿನ ಒಬ್ಬ ಹುಡುಗನಿಗೆ ಎರಡೂ ಕಾಲು ಸೆಟೆದುಕೊಂಡೇ ನಡೆಯಲು ಹೇಳಿದೆ. ನಾಲ್ಕು ಹೆಜ್ಜೆಯಲ್ಲಿ ಶೂ ತುದಿ ನೆಲಕ್ಕೆ ಉಜ್ಜಿ ಮುಗ್ಗರಿಸಿದ. ‘ಸಾರ್, ಇದರಲ್ಲಿ ಇಪ್ಪತ್ತು ಕಿಲೋಮೀಟರಾ?’ ಅಂದ.

ಆಮೇಲೆ ಸಿಟ್ಟು ಸ್ವಲ್ಪ ಇಳಿಯಿತು ಅನ್ನಿ. ಆ ತಪ್ಪು ಉತ್ತರವೇ ಒಳ್ಳೆಯ ಪ್ರಶ್ನೆಯಾಗಿ ಒದಗಿತು: ‘ಇಡೀ ಹೆಜ್ಜೆ ಕಾಲು ನೇರವಿರಬೇಕು ಎಂಬ ಹೇಳಿಕೆ ನಿಯಮಕ್ಕೂ ದೇಹಕ್ಕೂ ಯಾಕೆ ಒಗ್ಗುವುದಿಲ್ಲ?’ ಈ ವರ್ಷದ ಟೆಸ್ಟಿನಲ್ಲಿ ಮಕ್ಕಳು ಚೆನ್ನಾಗಿ ಬರೆದದ್ದು ಇದನ್ನೇ.

ಹೊಸ ಮುದ್ರಣ ಬಂದಿದೆ. ಅಂಗಡಿಯಲ್ಲೇ ನಿಂತು ಆ ಪುಟ ತೆಗೆದು ನೋಡಿದೆ. ‘ಯಾವಾಗಲೂ ನೇರ’ ಹಾಗೇ ಇದೆ, ಬೆಲೆ ಮಾತ್ರ 395. ಚಿತ್ರಗಳಿಗೋಸ್ಕರ ಐದರಲ್ಲಿ ಮೂರು ಸ್ಟಾರ್. ಹಳೆಯ ಪ್ರತಿ ಸಿಕ್ಕರೆ ತಗೊಳ್ಳಿ, ಪೆನ್ಸಿಲ್ ಜೊತೆಗಿಟ್ಟುಕೊಳ್ಳಿ.