ಒಂದೇ ಇಂಗ್ಲಿಷ್ ಪತ್ರ, ಮೂರು ಕಡೆ ತಿದ್ದುಪಡಿ: ಯಾರ ಮಾತು ಹಿಡಿಯಬೇಕು?

ಮೂಡಿಗೆರೆ ಕಡೆಯ ಹೋಂಸ್ಟೇಯಿಂದ ಬ್ರಿಟನ್ನಿನ ಅತಿಥಿಗಳಿಗೆ ಹೋಗಬೇಕಾದ, ನೂರು ಪದದ ಆಸುಪಾಸಿನ ಇಂಗ್ಲಿಷ್ ಪತ್ರ. ಅದನ್ನು ಭಾಷೆ ಕಲಿಯುವವರು ಬರಹ ತಿದ್ದಿಸಿಕೊಳ್ಳುವ ಲ್ಯಾಂಗ್‌ಕರೆಕ್ಟ್ ತಾಣ, ಹಲೋಟಾಕ್ ಆ್ಯಪ್, ವರ್ಡ್‌ರೆಫರೆನ್ಸ್ ಚರ್ಚಾ ವೇದಿಕೆ ಮೂರೂ ಕಡೆ ತಿದ್ದಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಹೋಲಿಕೆ ಇದು. ತಿದ್ದುವವರು ಒಬ್ಬರಿಗೊಬ್ಬರು ಒಪ್ಪದೆ ಹೋದದ್ದು ಮೂರು ವಾಕ್ಯಗಳಲ್ಲಿ:

"ವಿ ಹ್ಯಾವ್ ಫಿನಿಶ್ಡ್ ದ ಪಿಕಿಂಗ್ ಲಾಸ್ಟ್ ವೀಕ್."
"ಅವರ್ ಸ್ಟಾಫ್ ಆರ್ ಅವೈಲಬಲ್ ಅಟ್ ದ ವೀಕೆಂಡ್."
"ದ ಬ್ಲಾಸಮ್ ಶವರ್ಸ್ ಯೂಶುವಲಿ ಕಮ್ ಇನ್ ಮಾರ್ಚ್."

ಮೊದಲು ಮೂರು ಜಾಗಗಳ ಗುಣ ನೋಡೋಣ.

ಲ್ಯಾಂಗ್‌ಕರೆಕ್ಟ್ ಬರಹವನ್ನು ವಾಕ್ಯ ವಾಕ್ಯವಾಗಿ ಒಡೆದು ತೋರಿಸುತ್ತದೆ. ತಿದ್ದುವವರು ಪ್ರತಿ ವಾಕ್ಯಕ್ಕೂ ತಿದ್ದುಪಡಿ ಕೊಡಬಹುದು, ಇಲ್ಲವೇ ಸರಿಯಿದೆ ಎಂದು ಗುರುತು ಹಾಕಬಹುದು. ಇಬ್ಬರು ಮೂವರು ತಿದ್ದಿದರೆ ಒಂದೇ ವಾಕ್ಯದ ಕೆಳಗೆ ಎಲ್ಲರದೂ ಸಾಲಾಗಿ ಕಾಣುವುದರಿಂದ ಹೋಲಿಸಲು ಇದಕ್ಕಿಂತ ಅನುಕೂಲದ ಜಾಗ ಇಲ್ಲ. ತೊಡಕಿರುವುದು ಬೇರೆ ಕಡೆ. ಅಲ್ಲಿ ನಡೆಯುವುದು ಕೊಡು-ಕೊಳ್ಳುವ ವ್ಯವಹಾರ: ನಿಮ್ಮ ಭಾಷೆ ಕಲಿಯುವವರ ಬರಹವನ್ನು ನೀವು ತಿದ್ದುತ್ತೀರಿ, ನಿಮ್ಮದನ್ನು ಬೇರೆಯವರು ತಿದ್ದುತ್ತಾರೆ. ಕನ್ನಡ ಕಲಿಯುವವರ ಬರಹ ಅಲ್ಲಿ ಅಪರೂಪ, ಇಂಗ್ಲಿಷ್ ತಿದ್ದಿಸಿಕೊಳ್ಳಲು ಕಾಯುವವರು ವಿಪರೀತ. ಹಾಗಾಗಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕೂತ ಕನ್ನಡಿಗರಿಗೆ ಕೊಡುವುದಕ್ಕೇ ಹೆಚ್ಚೇನೂ ಸಿಗುವುದಿಲ್ಲ. ಅದರ ಬದಲು ತಿದ್ದಿದವರಿಗೆ ಉತ್ತರ ಬರೆಯಿರಿ, ಯಾವ ತಿದ್ದುಪಡಿ ತೆಗೆದುಕೊಂಡಿರಿ ಎಂದು ಹೇಳಿ. ಹಾಗೆ ಮಾಡಿದವರ ಬರಹಕ್ಕೆ ಅದೇ ಜನ ಮತ್ತೆ ಬರುತ್ತಾರೆ.

ಹಲೋಟಾಕ್ ವೇಗದಲ್ಲಿ ಮುಂದು. ಅಲ್ಲಿ ಸಾರ್ವಜನಿಕವಾಗಿ ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಇಂಗ್ಲಿಷ್ ಕಲಿಯುತ್ತಿರುವವರೇ ನಿಮ್ಮ ಇಂಗ್ಲಿಷ್ ತಿದ್ದುವುದು ಸಾಮಾನ್ಯ. ತಿದ್ದುಪಡಿ ಓದುವ ಮುಂಚೆ ತಿದ್ದಿದವರ ಮಾತೃಭಾಷೆ ಯಾವುದೆಂದು ಪ್ರೊಫೈಲಿನಲ್ಲಿ ನೋಡಿಕೊಳ್ಳಬೇಕು. ವಿವರಣೆ ಕೊಡುವವರು ಕಡಿಮೆ. ವಾಟ್ಸಾಪ್ ಧಾಟಿಯ ಸಲೀಸು ಮಾತಿಗೆ ಇದು ಸಾಕು, ಕಚೇರಿ ಪತ್ರಕ್ಕೆ ಸಾಲದು.

ವರ್ಡ್‌ರೆಫರೆನ್ಸಿನಲ್ಲಿ ಇಡೀ ಪತ್ರ ಹಾಕುವ ಹಾಗೇ ಇಲ್ಲ. ಒಂದು ಚರ್ಚೆಗೆ ಒಂದೇ ಪ್ರಶ್ನೆ, ಪೂರ್ತಿ ವಾಕ್ಯ, ಅದನ್ನು ಯಾರು ಯಾರಿಗೆ ಯಾವಾಗ ಬರೆಯುತ್ತಿದ್ದಾರೆ ಎಂಬ ಸಂದರ್ಭ, ಇಷ್ಟನ್ನೂ ಕೇಳುತ್ತಾರೆ. ಈ ಬಿಗಿಯೇ ಅದರ ಬೆಲೆ. ಉತ್ತರಿಸುವವರ ಹೆಸರಿನ ಜೊತೆ ಅವರದು ಯಾವ ದೇಶದ ಇಂಗ್ಲಿಷ್ ಎಂಬುದು ಕಾಣುತ್ತದೆ, ಅವರ ನಡುವಿನ ಭಿನ್ನಾಭಿಪ್ರಾಯವೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಮೊದಲ ಎರಡು ಕಡೆ ಹುಟ್ಟಿದ ಜಗಳ ಬಿಡಿಸಲು ಇದು ತಕ್ಕ ಜಾಗ. ಸಂಜೆ ಏಳರ ಹೊತ್ತಿಗೆ ಹಾಕಿದರೆ ಬ್ರಿಟನ್ನಿನಲ್ಲಿ ಮಧ್ಯಾಹ್ನ, ನ್ಯೂಯಾರ್ಕಿನಲ್ಲಿ ಬೆಳಗ್ಗೆ. ಎರಡೂ ಕಡೆಯವರು ಎಚ್ಚರವಾಗಿರುತ್ತಾರೆ.

ಇನ್ನು ವಾಕ್ಯಗಳಿಗೆ ಬರೋಣ. ಮೊದಲನೆಯದನ್ನು ಇಂಗ್ಲಿಷ್ ಮಾತೃಭಾಷೆಯವರೆಲ್ಲ "ವಿ ಫಿನಿಶ್ಡ್" ಎಂದು ತಿದ್ದುತ್ತಾರೆ. ಹಲೋಟಾಕಿನಲ್ಲಿ ಭಾರತದವರು "ಸರಿಯಾಗೇ ಇದೆಯಲ್ಲ" ಎನ್ನುತ್ತಾರೆ. "ಕಳೆದ ವಾರ ಕೊಯ್ಲು ಮುಗಿಸಿದ್ದೇವೆ" ಎಂಬುದು ಕನ್ನಡದಲ್ಲಿ ತೀರಾ ಸಹಜ, ಅದಕ್ಕೇ ನಮ್ಮ ಕಿವಿಗೆ ತಪ್ಪು ಕೇಳಿಸುವುದಿಲ್ಲ. ಇಂಗ್ಲಿಷಿನಲ್ಲಿ ಮುಗಿದುಹೋದ ಕಾಲವನ್ನು ಹೆಸರಿಸಿದ ಮೇಲೆ "ಹ್ಯಾವ್" ನಿಲ್ಲುವುದಿಲ್ಲ. ಬ್ರಿಟನ್, ಅಮೆರಿಕ ಎರಡೂ ಕಡೆ ಒಂದೇ ನಿಯಮ. ಬೇರೆ ಬೇರೆ ದೇಶದವರು ಒಂದೇ ಕಾರಣ ಕೊಟ್ಟು ಒಂದೇ ಜಾಗ ತಿದ್ದಿದರೆ ಅದು ತಪ್ಪೇ. ಚರ್ಚೆ ಬೇಡ, ತಿದ್ದಿಕೊಳ್ಳಿ.

ಎರಡನೆಯದು ನಿಜವಾದ ಜಗಳದ ವಾಕ್ಯ. ಅಮೆರಿಕದವರು "ಸ್ಟಾಫ್ ಈಸ್", "ಆನ್ ದ ವೀಕೆಂಡ್" ಎಂದು ಎರಡೂ ಕಡೆ ಗೀಟು ಹಾಕುತ್ತಾರೆ. ಬ್ರಿಟನ್ನಿನವರು ಏನನ್ನೂ ಮುಟ್ಟುವುದಿಲ್ಲ. ಇಲ್ಲಿ ಎಷ್ಟು ಜನ ಯಾವ ಕಡೆ ಎಂದು ಎಣಿಸಿದರೆ, ಆ ಹೊತ್ತಿಗೆ ಯಾವ ದೇಶದವರು ಹೆಚ್ಚು ಸಿಕ್ಕರು ಎಂಬುದಷ್ಟೇ ಗೊತ್ತಾಗುತ್ತದೆ. ಕೇಂಬ್ರಿಡ್ಜ್ ನಿಘಂಟಿನಲ್ಲಿ ವೀಕೆಂಡ್ ಪದ ತೆಗೆದರೆ, "ಅಟ್" ಬ್ರಿಟನ್ನಿನದು, "ಆನ್" ಅಮೆರಿಕದ್ದು ಎಂಬ ಗುರುತು ಇದೆ. ಇನ್ನೂ ಗಟ್ಟಿ ಆಧಾರ ಬೇಕಿದ್ದರೆ english-corpora.org ತಾಣದ GloWbE ಸಂಗ್ರಹ ನೋಡಿ. 20 ದೇಶಗಳ ಜಾಲತಾಣಗಳಿಂದ ಕೂಡಿಸಿದ ಸುಮಾರು 190 ಕೋಟಿ ಪದ ಅದರಲ್ಲಿದೆ, ಭಾರತವೂ ಸೇರಿದೆ. ನೋಂದಾಯಿಸಿಕೊಂಡು, ಚಾರ್ಟ್ ಆಯ್ದು, ಒಂದಾದ ಮೇಲೆ ಒಂದು ಹುಡುಕಿ:

```
at the weekend
on the weekend
```

ಫಲಿತಾಂಶದಲ್ಲಿ ಒಟ್ಟು ಎಣಿಕೆ ನೋಡಬೇಡಿ, ಹತ್ತು ಲಕ್ಷ ಪದಕ್ಕೆ ಎಷ್ಟು ಎಂಬ ಸಾಲು ನೋಡಿ. ಆ ಸಂಗ್ರಹದಲ್ಲಿ ಬ್ರಿಟನ್ನಿನ ಪಾಲು ಸುಮಾರು 39 ಕೋಟಿ ಪದ, ಭಾರತದ್ದು 10 ಕೋಟಿಗೂ ಕಡಿಮೆ. ಬರೀ ಎಣಿಕೆ ಹೋಲಿಸಿದರೆ ಭಾರತದಲ್ಲಿ ಬಳಕೆಯೇ ಇಲ್ಲವೇನೋ ಅನಿಸಿಬಿಡುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು: ಜನ ಬರೆದದ್ದೆಲ್ಲ ಅಲ್ಲಿ ಸೇರಿದೆ, ತಪ್ಪುಗಳೂ ಸೇರಿವೆ. "ಡಿಸ್ಕಸ್ ಅಬೌಟ್" ಭಾರತದ ಕಾಲಂನಲ್ಲಿ ಸಿಕ್ಕಿತೆಂದು ಲಂಡನ್ನಿಗೆ ಹೋಗುವ ಪತ್ರದಲ್ಲಿ ಬಳಸುವಂತಿಲ್ಲ.

ಈ ಪತ್ರ ಓದುವವರು ಬ್ರಿಟನ್ನಿನವರು. ಆದ್ದರಿಂದ ವಾಕ್ಯ ಇದ್ದ ಹಾಗೇ ಇರಲಿ.

ಮೂರನೆಯದರಲ್ಲಿ ತಿದ್ದುಪಡಿಯೇ ಅಪಾಯ. ಹೂಮಳೆಯನ್ನು ಕಾಫಿ ತೋಟದವರು ಇಂಗ್ಲಿಷಿನಲ್ಲಿ ಬ್ಲಾಸಮ್ ಶವರ್ಸ್ ಎಂದೇ ಕರೆಯುವುದು, ಕಾಫಿ ಮಂಡಳಿಯೂ ಹಾಗೇ ಬರೆಯುತ್ತದೆ. ಕಾಫಿ ಗಿಡ ನೋಡದ ಅಮೆರಿಕದವರಿಗೆ ಇದು ಅರ್ಥವಾಗದೆ "ಮಾರ್ಚಿನಲ್ಲಿ ಹೂವು ಮಳೆಯಂತೆ ಉದುರುತ್ತವೆ" ಎಂಬರ್ಥಕ್ಕೆ ತಿರುಗಿಸಿಬಿಡುತ್ತಾರೆ. ಇಂಗ್ಲಿಷ್ ಸೊಗಸಾಗುತ್ತದೆ, ವಿಷಯ ತಲೆಕೆಳಗಾಗುತ್ತದೆ: ಹೂವು ಅರಳಿಸುವ ಮಳೆ ಹೋಗಿ ಹೂವು ಉದುರುವ ಮಳೆ ಆಯಿತು. ವ್ಯಾಕರಣದಲ್ಲಿ ಅವರ ಮಾತಿಗೆ ತೂಕವಿದೆ, ತೋಟದ ಮಾತಿನಲ್ಲಿ ನಿಮ್ಮದಕ್ಕೆ. ಹಾಗೆಂದು ಅವರ ಗೊಂದಲವನ್ನು ತಳ್ಳಿಹಾಕಬೇಡಿ, ಅತಿಥಿಗಳಿಗೂ ಅದೇ ಗೊಂದಲ ಆಗುತ್ತದೆ. ಪದ ಉಳಿಸಿಕೊಂಡು ಪಕ್ಕದಲ್ಲೇ ವಿವರಣೆ ಸೇರಿಸಿ: "ದ ಬ್ಲಾಸಮ್ ಶವರ್ಸ್, ದ ರೇನ್ಸ್ ದಟ್ ಬ್ರಿಂಗ್ ದ ಕಾಫಿ ಇನ್‌ಟು ಫ್ಲವರ್, ಯೂಶುವಲಿ ಕಮ್ ಇನ್ ಮಾರ್ಚ್."

ಇಂಥ ತಿರುಚುವಿಕೆ ಬಹುಪಾಲು ಪತ್ರ ಹಾಕುವಾಗಲೇ ತಪ್ಪಿಸಬಹುದು. ಬರಹದ ಮೇಲೆ ಎರಡು ಸಾಲು ಸೇರಿಸಿ: ಓದುವವರು ಯಾರು, ಯಾವ ದೇಶದ ಇಂಗ್ಲಿಷ್ ಬೇಕು, ತಪ್ಪು ಮಾತ್ರ ತೋರಿಸಿ, ಶೈಲಿ ಬದಲಿಸಬೇಡಿ. ಆಮೇಲೂ ವಾಕ್ಯದ ಒಂದು ಪದವೂ ಉಳಿಯದಂತೆ ಬರೆದುಕೊಟ್ಟರೆ ಅದು ತಿದ್ದುಪಡಿಯಲ್ಲ, ಅವರ ಸ್ವಂತ ವಾಕ್ಯ. ಆಗ ಕೇಳಬೇಕಾದ್ದು ಇಷ್ಟೇ: "ಈಸ್ ಮೈನ್ ರಾಂಗ್, ಆರ್ ಜಸ್ಟ್ ಲೆಸ್ ನ್ಯಾಚುರಲ್?" ತಪ್ಪು ಎಂದರೆ ಕಾರಣ ಕೇಳಿ. ಅಷ್ಟು ಸಹಜವಲ್ಲ ಎಂದರೆ ಬದಲಿಸುವುದೂ ಬಿಡುವುದೂ ನಿಮಗೆ ಸೇರಿದ್ದು. ಅತಿಥಿಗಳ ಹೆಸರು, ಫೋನ್ ನಂಬರ್, ಬರುವ ತಾರೀಖು ಎಲ್ಲವನ್ನೂ ಹಾಕುವ ಮುಂಚೆಯೇ ತೆಗೆದಿರಬೇಕು.

ಎಲ್ಲ ತೀರ್ಮಾನವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಲವರ ತಿದ್ದುಪಡಿ ಸೇರಿಸಿದ ಪತ್ರದಲ್ಲಿ ಒಬ್ಬರ "ಸ್ಟಾಫ್ ಈಸ್" ಇನ್ನೊಬ್ಬರ "ಅಟ್ ದ ವೀಕೆಂಡ್" ಪಕ್ಕ ಬಂದು ಕೂತಿರಬಹುದು. ಬೇರೆ ಬೇರೆ ಕೈ ಬಿದ್ದ ವಾಕ್ಯಗಳನ್ನಷ್ಟೇ ಆರಿಸಿ, ಬ್ರಿಟನ್ನಿನ ಒಬ್ಬರಿಗೆ ಇನ್ನೊಮ್ಮೆ ತೋರಿಸಿ, ಆಮೇಲೆ ಕಳಿಸಿ.