ಹಸಿರು ಟಿಕ್ ನೋಡಿ ಕ್ಯಾಮೆರಾ ಕೊಟ್ಟುಬಿಟ್ಟೆ

ಕಳೆದ ತಿಂಗಳು ನನ್ನ ಹಳೆಯ ಕ್ಯಾಮೆರಾ ಮಾರಾಟಕ್ಕಿದೆ ಎಂದು ಆನ್‌ಲೈನ್‌ನಲ್ಲಿ ಹಾಕಿದ್ದೆ. ಸಂಜೆ ಒಬ್ಬ ಹುಡುಗ ಬಂದ. ಶಟರ್ ಒತ್ತಿ ನೋಡಿದ, ಲೆನ್ಸನ್ನು ಬೆಳಕಿಗೆ ಹಿಡಿದು ಫಂಗಸ್ ಇದೆಯಾ ಎಂದು ಹುಡುಕಿದ, ಸಾಕಷ್ಟು ಚೌಕಾಸಿಯನ್ನೂ ಮಾಡಿದ. ಆ ಚೌಕಾಸಿಯಿಂದಲೇ ನನಗೆ ನಂಬಿಕೆ ಬಂತು. ದುಡ್ಡು ಕೊಡದೆ ಹೋಗುವವನು ಬೆಲೆಗಾಗಿ ಇಷ್ಟು ಎಳೆದಾಡುತ್ತಾನಾ ಅಂದುಕೊಂಡೆ.

ನನ್ನ ಅಕೌಂಟ್ ವಿವರ ತೆಗೆದುಕೊಂಡು ಏನೋ ಟೈಪ್ ಮಾಡಿದ. ಆಮೇಲೆ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ದೊಡ್ಡ ಹಸಿರು ಟಿಕ್, ‘ಪೇಮೆಂಟ್ ಸಕ್ಸಸ್‌ಫುಲ್’, ಮೊತ್ತ, ನನ್ನ ಹೆಸರು, ದಿನಾಂಕ, ಸಮಯ, ಕೆಳಗೊಂದು ಉದ್ದನೆಯ ರೆಫರೆನ್ಸ್ ನಂಬರ್. ಅದರ ಸ್ಕ್ರೀನ್‌ಶಾಟನ್ನೂ ನನಗೆ ಕಳಿಸಿದ. ಎರಡೇ ನಿಮಿಷದಲ್ಲಿ ನನ್ನ ಮೊಬೈಲಿಗೆ ‘ನಿಮ್ಮ ಖಾತೆಗೆ ಹಣ ಜಮಾ ಆಗಿದೆ’ ಎಂಬ ಮೆಸೇಜೂ ಬಂತು. ಬ್ಯಾಂಕ್ ಆಪ್ ತೆರೆದು ನೋಡಿದರೆ ಬ್ಯಾಲೆನ್ಸ್ ಮಾತ್ರ ಹಾಗೆಯೇ ಇತ್ತು.

"ಸರ್ವರ್ ಸ್ಲೋ ಇರತ್ತೆ ಸಾರ್, ಹತ್ತು ನಿಮಿಷದಲ್ಲಿ ತೋರ್ಸತ್ತೆ. ನನಗೆ ಬಸ್ ಹೋಗ್ಬಿಡತ್ತೆ" ಅಂದ.

ನಾನು ಕ್ಯಾಮೆರಾ ಕೊಟ್ಟೆ.

ಮರುದಿನ ಬ್ಯಾಂಕಿಗೆ ಹೋಗಿ ಆ ರೆಫರೆನ್ಸ್ ನಂಬರ್ ತೋರಿಸಿದೆ. ಅಲ್ಲಿದ್ದವರು ನನ್ನ ಖಾತೆಯ ವಿವರ ತೆಗೆದು ಹುಡುಕಿದರು. ಆ ನಂಬರಿನ ಯಾವ ಹಣವೂ ಬಂದಿರಲಿಲ್ಲ. "ಈ ಚಿತ್ರ ಅವರ ಮೊಬೈಲಿನದು, ನಿಮ್ಮ ಖಾತೆಯದಲ್ಲ" ಎಂದರು. ಆಗ ನನಗೆ ವಿಷಯ ಅರ್ಥವಾಯಿತು.

ಟಿಕ್ ಇರುವ ಪರದೆಯನ್ನು ತೋರಿಸುವುದು ಕೊಳ್ಳುವವರ ಮೊಬೈಲು. ಅದು ನಮ್ಮ ಬ್ಯಾಂಕನ್ನು ಕೇಳಿ ಬಂದ ಉತ್ತರ ಅಲ್ಲವೇ ಅಲ್ಲ. ಅಸಲಿ ಆಪ್‌ನಂತೆಯೇ ಕಾಣುವ ನಕಲಿ ಆಪ್‌ಗಳಿವೆ. ಹೆಸರು, ಮೊತ್ತ ತುಂಬಿದರೆ ಸಾಕು, ಟಿಕ್ ಬರುತ್ತದೆ, ಟಿಂಗ್ ಎಂದು ಸದ್ದೂ ಬರುತ್ತದೆ. ಹಳೆಯ ಸ್ಕ್ರೀನ್‌ಶಾಟಿನಲ್ಲಿ ತಾರೀಖು ತಿದ್ದುವುದು ಇನ್ನೂ ಸುಲಭ. ಪರದೆ ಅಸಲಿಯೇ ಆಗಿದ್ದರೂ ಹಣ ಬೇರೆ ಖಾತೆಗೆ ಹೋಗಿರಬಹುದು, ನಾಳೆಯ ತಾರೀಖಿಗೆ ನಿಗದಿ ಮಾಡಿರಬಹುದು, ಅಥವಾ ದಾರಿಯಲ್ಲೇ ನಿಂತು ಕಳಿಸಿದವರಿಗೆ ವಾಪಸ್ ಹೋಗಬಹುದು. ಹಾಗಾಗಿ ‘ಇದು ನಕಲಿಯಾ?’ ಎಂದು ಪರದೆಯನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಅಸಲಿ ಎಂದು ಗೊತ್ತಾದರೂ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ.

ನನ್ನನ್ನು ಹೆಚ್ಚು ಕೆಡಿಸಿದ್ದು ಆ ಮೆಸೇಜು. ಆಮೇಲೆ ಸಮಾಧಾನವಾಗಿ ನೋಡಿದಾಗ ಅದು ಒಂದು ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದಿತ್ತು. ಬ್ಯಾಂಕಿನ ಹಳೆಯ ಮೆಸೇಜುಗಳ ಸಾಲಿನಲ್ಲಿ ಅದು ಇರಲಿಲ್ಲ. ನನ್ನ ಖಾತೆಯ ಕೊನೆಯ ಅಂಕಿಗಳೂ ಇರಲಿಲ್ಲ. ಆದರೆ ಇವೆಲ್ಲ ಸರಿಯಿದ್ದರೂ ನಂಬಬೇಡಿ. ಕಳಿಸಿದವರ ಹೆಸರನ್ನು ಬ್ಯಾಂಕಿನದೇ ಎಂಬಂತೆ ಬದಲಿಸಿ ಕಳಿಸಲು ಬರುತ್ತದೆ. ಆಗ ಕಳ್ಳ ಮೆಸೇಜು ಅಸಲಿ ಮೆಸೇಜುಗಳ ಕೆಳಗೇ ಬಂದು ಕೂರುತ್ತದೆ.

ನೋಡಬೇಕಾದ ಜಾಗ ನಮ್ಮದೇ ಬ್ಯಾಂಕ್ ಆಪ್. ಅದನ್ನೂ ನಾವೇ ತೆರೆಯಬೇಕು, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಅಲ್ಲ. ವ್ಯವಹಾರಗಳ ಪಟ್ಟಿಯಲ್ಲಿ ಅಷ್ಟೇ ಮೊತ್ತ, ಅವತ್ತಿನದೇ ಸಮಯ ಕಾಣಬೇಕು. ಬಳಸಬಹುದಾದ ಬ್ಯಾಲೆನ್ಸ್ ಅಷ್ಟರಮಟ್ಟಿಗೆ ಏರಿರಬೇಕು. ಪಟ್ಟಿಯಲ್ಲಿ ‘ಪೆಂಡಿಂಗ್’ ಎಂದಿದ್ದರೆ ಹಣ ಇನ್ನೂ ಬಂದಿಲ್ಲ ಎಂದೇ ಅರ್ಥ. ರೆಫರೆನ್ಸ್ ನಂಬರ್ ಕೆಲಸಕ್ಕೆ ಬರುವುದು ನಮ್ಮ ಪಟ್ಟಿಯಲ್ಲಿ ಅದು ಸಿಕ್ಕಾಗ, ಅಥವಾ ತಡವಾದ ಹಣವನ್ನು ಬ್ಯಾಂಕಿನವರು ಹುಡುಕುವಾಗ. ಸುಮ್ನೆ ಅಂಕಿಗಳ ಸಾಲು ಯಾರು ಬೇಕಾದರೂ ಬರೆಯಬಹುದು, ಅಲ್ವಾ?

ಸರ್ವರ್ ಸ್ಲೋ ಇರುವುದು ಸುಳ್ಳಲ್ಲ, ಅದಕ್ಕೇ ಆ ಮಾತು ನಾಟುತ್ತದೆ. ಪೋಲೀಸರಿಗೆ ದೂರು ಕೊಟ್ಟು, ಚಾಟ್, ಸ್ಕ್ರೀನ್‌ಶಾಟ್ ಎಲ್ಲ ಒಪ್ಪಿಸಿದ್ದೇನೆ. ಕ್ಯಾಮೆರಾ ಇನ್ನೂ ಸಿಕ್ಕಿಲ್ಲ.

ಮೊನ್ನೆ ಅದರ ಟ್ರೈಪಾಡ್ ಮಾರಿದೆ. ಈ ಸಲ ಬಂದವರು ಒಬ್ಬ ಹಿರಿಯರು. ಅವರೂ ಹಸಿರು ಟಿಕ್ ತೋರಿಸಿದರು, ನನ್ನ ಖಾತೆಯಲ್ಲಿ ಏನೂ ಇರಲಿಲ್ಲ. "ಬೇಜಾರು ಮಾಡ್ಕೋಬೇಡಿ ಸಾರ್, ಹಣ ಬಂದ ಮೇಲೆ ಕೊಡ್ತೀನಿ" ಅಂದೆ. "ಅದೇ ಸರಿ, ಕೂತಿರ್ತೀನಿ" ಅಂದರು. ನಲವತ್ತು ನಿಮಿಷದ ಮೇಲೆ ನನ್ನ ಪಟ್ಟಿಯಲ್ಲಿ ಅದೇ ಮೊತ್ತ, ಅದೇ ರೆಫರೆನ್ಸ್ ನಂಬರ್ ಬಂತು. ಟ್ರೈಪಾಡನ್ನು ಅವರ ಕೈಗೆ ಕೊಟ್ಟೆ.