ಅರಿಶಿನದ ಚೂರುಬಟ್ಟೆ ಮತ್ತು ಮೂರು ಡಿಟರ್ಜೆಂಟು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬಾವಿನೀರಿಗೆ ಒಂದು ಚಿಟಿಕೆ ಸೋಪಿನ ಪುಡಿ ಹಾಕಿದರೆ ಬಕೆಟ್ ತುಂಬ ನೊರೆ. ಅದೇ ಪುಡಿಯನ್ನು ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬೋರ್‌ವೆಲ್ ನೀರಿಗೆ ಎರಡು ಹಿಡಿ ಸುರಿದರೂ ನೊರೆ ಎದ್ದ ಹಾಗೆ ಮಾಡಿ ಕುಸಿದುಬಿಡುತ್ತದೆ. ಹೋದ ಬೇಸಿಗೆಯಲ್ಲಿ ನಾಲ್ಕು ತಿಂಗಳು ನಮ್ಮ ಜೊತೆಗಿದ್ದ ಅಮ್ಮ, ಮಷೀನನ್ನು ನಂಬದೆ ತನ್ನ ಸೀರೆಗಳನ್ನು ಕೈಯಲ್ಲೇ ಒಗೆಯುತ್ತಿದ್ದಳು. ಮೂರನೇ ವಾರಕ್ಕೆ ಬೆರಳ ಸಂದಿಯಲ್ಲಿ ಬಿರುಕು, ಉರಿ. "ನಿಮ್ಮೂರಿನ ನೀರೇ ಸರಿ ಇಲ್ಲ ಕಣೇ" ಅಂದಳು. ಅವಳು ಹೇಳಿದ್ದು ಅರ್ಧ ನಿಜ. ಉಳಿದರ್ಧ ಪುಡಿಯದ್ದು ಎಂದು ಗೊತ್ತಾಗಿದ್ದು ಆಮೇಲೆ, ಅಡುಗೆಮನೆಯ ತಕ್ಕಡಿ ಹಿಡಿದು ಕೂತಾಗ.

ಮೊದಲು ನೀರಿನ ವಿಷಯ. ಅಪಾರ್ಟ್‌ಮೆಂಟಿನವರು ಮಾಡಿಸಿದ್ದ ಪರೀಕ್ಷೆಯಲ್ಲಿ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಅಂತ ಬಂದಿತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವುದು 200. ಬೇರೆ ನೀರೇ ಸಿಗದಿದ್ದರೆ 600ರ ತನಕ ಬಿಡುತ್ತದೆ. ಈ ಗಡಸುತನ ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ. ಅಗ್ಗದ ಪುಡಿಗಳಲ್ಲಿ ಕೊಳೆ ತೆಗೆಯುವ ಮುಖ್ಯ ವಸ್ತು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್. ಅದು ಕೊಳೆಯನ್ನು ಹಿಡಿಯುವ ಮೊದಲೇ ಕ್ಯಾಲ್ಸಿಯಂ ಅದನ್ನು ಹಿಡಿದುಬಿಡುತ್ತದೆ. ಇದನ್ನು ತಡೆಯಲು ಪುಡಿ ಮಾಡುವವರು ವಾಷಿಂಗ್ ಸೋಡಾ ಧಾರಾಳವಾಗಿ ಬೆರೆಸುತ್ತಾರೆ. ಸೋಡಾ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಸಣ್ಣ ಪುಡಿಯಾಗಿ ಬಟ್ಟೆಯ ಮೇಲೇ ಕೂರುತ್ತದೆ. ಕಪ್ಪು ಪ್ಯಾಂಟಿನ ಮೇಲೆ ಒಣಗಿದ ಮೇಲೆ ಕಾಣುವ ಬಿಳಿ ಗೆರೆ, ಟವೆಲ್ಲು ಹಪ್ಪಳದ ಹಾಗೆ ಗರಿಗರಿಯಾಗುವುದು, ಎಲ್ಲಾ ಇದರದ್ದೇ ಕೆಲಸ.

ನಾನು ಹೋಲಿಸಿದ್ದು ಮೂರನ್ನು. ಬೀದಿಯ ಅಂಗಡಿಯಲ್ಲಿ ಕಿಲೋಗೆ 75 ರೂಪಾಯಿಗೆ ಸಿಗುವ ಪುಡಿ. ಕಿಲೋಗೆ 170 ಕೊಟ್ಟು ತಂದ, ಪ್ಯಾಕೆಟ್ಟಿನ ಹಿಂದೆ ಕಿಣ್ವಗಳಿವೆ ಎಂದು ಬರೆದಿದ್ದ ಪುಡಿ. ಎರಡು ಲೀಟರಿನ ರೀಫಿಲ್ ಪೌಚಿನಲ್ಲಿ 380ಕ್ಕೆ ಬಂದ ಲಿಕ್ವಿಡ್. ಅಮ್ಮನ ಒತ್ತಾಯಕ್ಕೆ ಅಂಟುವಾಳದ ಕಾಯನ್ನೂ ಸೇರಿಸಿಕೊಂಡೆ. ಹಳೆಯ ಬಿಳಿ ಬನಿಯನ್ನನ್ನು ಚೂರು ಮಾಡಿ, ಒಂದೊಂದರ ಮೇಲೂ ಸಾರಿನ ಅರಿಶಿನ, ತೆಂಗಿನೆಣ್ಣೆ, ಹಾಲು ಹಾಕಿದ ಕಾಫಿ ಚೆಲ್ಲಿ, ಒಂದು ರಾತ್ರಿ ಬಿಟ್ಟು ಒಗೆದೆ.

ಅರಿಶಿನದ ಚೂರು ಒಂದು ತಮಾಷೆ ತೋರಿಸಿತು. ಅಗ್ಗದ ಪುಡಿಯ ನೀರಿಗೆ ಬಿದ್ದ ಕೂಡಲೇ ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವವರಿಗೆ ಇದೇನು ಹೊಸದಲ್ಲ. ಕ್ಷಾರ ಸಿಕ್ಕಿದರೆ ಅರಿಶಿನ ಕೆಂಪಾಗುತ್ತದೆ. ಕಿಣ್ವದ ಪುಡಿಯಲ್ಲೂ ಕೆಂಪಾಯಿತು, ಸ್ವಲ್ಪ ಕಡಿಮೆ. ಲಿಕ್ವಿಡ್‌ನಲ್ಲಿ ಹಳದಿ ತುಸು ಕಿತ್ತಳೆಗೆ ತಿರುಗಿತು ಅಷ್ಟೆ. ಅಂಟುವಾಳದ ನೀರಲ್ಲಿ ಹಳದಿ ಹಳದಿಯಾಗೇ ಉಳಿಯಿತು. (ಆ ಕಲೆ ಪೂರ್ತಿ ಹೋಗಿದ್ದು ಯಾವ ಸೋಪಿನಿಂದಲೂ ಅಲ್ಲ. ಎರಡು ದಿನ ಟೆರೇಸಿನ ಬಿಸಿಲಿನಲ್ಲಿ ಹಾಕಿದ ಮೇಲೆ.)

ಅಮ್ಮನ ಕೈಗೆ ಬೇಕಾಗಿದ್ದ ಉತ್ತರ ಅಲ್ಲೇ ಇತ್ತು. ನಮ್ಮ ಚರ್ಮದ ಮೇಲ್ಪದರ ತುಸು ಆಮ್ಲೀಯ; ಅದರ ಜಿಡ್ಡೇ ಅದರ ಕಾವಲು. ಕ್ಷಾರ ಆ ಪದರವನ್ನು ಉಬ್ಬಿಸಿ ಸಡಿಲ ಮಾಡುತ್ತದೆ, ಡಿಟರ್ಜೆಂಟು ಜಿಡ್ಡನ್ನು ತೊಳೆದು ಒಯ್ಯುತ್ತದೆ. ದಿನಾ ಅರ್ಧ ಗಂಟೆ ಕೈ ಅದ್ದಿದರೆ ಬಿರುಕು ಬರದೆ ಇನ್ನೇನು? ಕೈಯಲ್ಲಿ ಒಗೆಯುವವರಿಗೆ ಪುಡಿಗಿಂತ ಲಿಕ್ವಿಡ್ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ, ಪ್ಯಾಕೆಟ್ಟಿನ ಮೇಲೆ 'ಮೃದು' ಎಂದು ಬರೆದಿದ್ದಾರೆ ಎಂದಲ್ಲ. ಅಮ್ಮ ಲಿಕ್ವಿಡ್‌ಗೆ ಬದಲಾಗಿ, ಒಗೆದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಶುರು ಮಾಡಿದ ಮೇಲೆ ಬಿರುಕು ಕೂಡಿಕೊಂಡಿತು.

ಹಾಗಂತ ಲಿಕ್ವಿಡ್ ಎಲ್ಲರಿಗೂ ಹಾಲಲ್ಲ. ಅದರಲ್ಲಿ ನೀರಿರುವುದರಿಂದ ಕೆಡದಂತೆ ಸಂರಕ್ಷಕ ಹಾಕಲೇಬೇಕು; ಒಣ ಪುಡಿಗೆ ಅದು ಬೇಕಿಲ್ಲ. ಹೀಗೆ ಬಳಸುವವುಗಳಲ್ಲಿ ಮೀಥೈಲ್‌ಐಸೋಥಯಜೋಲಿನೋನ್ ಎಂಬುದೊಂದಿದೆ. 2013ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನೇ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಅದು ಅಥವಾ ಸುಗಂಧ ಒಗ್ಗದವರಿಗೆ ಅರಿಶಿನದ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಕ್ಷಾರದ ಉರಿ ಬೇರೆ, ಅಲರ್ಜಿಯ ತುರಿಕೆ ಬೇರೆ.

ನಮ್ಮ ಮಗನಿಗೆ ಕುತ್ತಿಗೆ, ಸೊಂಟದ ಎಲಾಸ್ಟಿಕ್ ಕೂರುವ ಜಾಗದಲ್ಲಿ ಕೆಂಪು ಗುಳ್ಳೆ ಎದ್ದಾಗ ನಾನು ಮೊದಲು ಅನುಮಾನಿಸಿದ್ದೂ ಸುಗಂಧವನ್ನೇ. ಬ್ರ್ಯಾಂಡ್ ಬದಲಾಯಿಸುವ ಮುಂಚೆ ಒಂದು ಕೆಲಸ ಮಾಡಿದೆ: ಒಗೆದು ಒಣಗಿಸಿದ ಅವನ ಬಟ್ಟೆಗಳನ್ನು ಡಿಟರ್ಜೆಂಟ್ ಏನೂ ಹಾಕದೆ ಮತ್ತೆ ಮಷೀನಿಗೆ ಹಾಕಿ ಹತ್ತು ನಿಮಿಷ ತಿರುಗಿಸಿ, ಮುಚ್ಚಳ ತೆಗೆದು ನೋಡಿದೆ. ನೊರೆ! ಶುದ್ಧವಾದ ಬಟ್ಟೆಯಿಂದ ಹಿಂದಿನ ಸೋಪು ಹೊರಗೆ ಬರುತ್ತಿತ್ತು. ಬೆವರಿದಾಗ ಅದು ಮತ್ತೆ ಕರಗಿ, ಬಟ್ಟೆ ಉಜ್ಜುವ ಜಾಗದಲ್ಲೇ ಕಚ್ಚುತ್ತದೆ. ಅಳತೆ ಇಳಿಸಿ, ಅವನ ಬಟ್ಟೆಗೆ ಒಂದು ಹೆಚ್ಚಿನ ರಿನ್ಸ್ ಕೊಟ್ಟೆ. ಹತ್ತು ದಿನದಲ್ಲಿ ಗುಳ್ಳೆ ಹೋಯಿತು. ಹೋಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸುವುದಿತ್ತು. ಅಲರ್ಜಿಯನ್ನು ಮನೆಯಲ್ಲಿ ಊಹಿಸಿ ಕಂಡುಹಿಡಿಯಲು ಆಗುವುದಿಲ್ಲ.

ಈಗ ದುಡ್ಡಿನ ಮಾತು. ನಮ್ಮದು ಆರೂವರೆ ಕಿಲೋದ ಟಾಪ್‌ಲೋಡ್ ಮಷೀನು. ಅಗ್ಗದ ಪುಡಿಯನ್ನು ನಾನು ಕೈಯಳತೆಯಲ್ಲಿ ಸುರಿಯುತ್ತಿದ್ದುದನ್ನು ತೂಗಿದರೆ 110 ಗ್ರಾಂ. ಅಂದರೆ ಒಂದು ಒಗೆತಕ್ಕೆ 8 ರೂಪಾಯಿ 25 ಪೈಸೆ. ಎಂಬತ್ತು ಗ್ರಾಮಿಗೆ ಇಳಿಸಿದರೆ 6 ರೂಪಾಯಿ ಆಗುತ್ತದೆ, ಆದರೆ ಎರಡೇ ವಾರದಲ್ಲಿ ಬಿಳಿ ಶರಟು ಬೂದಿ ಬಣ್ಣಕ್ಕೆ ತಿರುಗಿತು. ಕಿಣ್ವದ ಪುಡಿ 50 ಗ್ರಾಂ ಸಾಕಾಯಿತು: 8 ರೂಪಾಯಿ 50 ಪೈಸೆ. ಕಿಲೋ ಬೆಲೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಅಂತರವಿದ್ದದ್ದು ಒಗೆತದ ಲೆಕ್ಕಕ್ಕೆ ಬಂದಾಗ ನಾಲ್ಕಾಣೆ. ಲಿಕ್ವಿಡ್‌ನ ಮುಚ್ಚಳ 40 ಮಿಲಿಲೀಟರಿನದು, 7 ರೂಪಾಯಿ 60 ಪೈಸೆ. ನಮ್ಮ ನೀರಿಗೆ ಅದು ಸಾಲದೆ 55 ಹಾಕಬೇಕಾಯಿತು, ಆಗ 10 ರೂಪಾಯಿ 45 ಪೈಸೆ. ಅಮ್ಮನ ಊರಿನ ಬಾವಿನೀರಾದರೆ ಈ ಲೆಕ್ಕವೆಲ್ಲಾ ತಲೆಕೆಳಗು. ಅಲ್ಲಿ ಅಗ್ಗದ ಪುಡಿ ನಲವತ್ತು ಗ್ರಾಮಿಗೇ ಗೆಲ್ಲುತ್ತದೆ.

ಕಿಣ್ವದ ಪುಡಿ ಅಷ್ಟು ಕಡಿಮೆಗೆ ಸಾಕಾದದ್ದು ಏಕೆ ಅಂದರೆ, ಅದರಲ್ಲಿನ ಪ್ರೋಟಿಯೇಸ್ ಬೆವರು, ಹಾಲು, ರಕ್ತದಂಥ ಪ್ರೋಟೀನಿನ ಕಲೆಯನ್ನು ಚೂರುಚೂರು ಮಾಡುತ್ತದೆ, ಲೈಪೇಸ್ ಎಣ್ಣೆಯನ್ನು. ಕಾಲರಿನ ಜಿಡ್ಡು, ಕಾಫಿಯ ಹಾಲು ಎರಡರಲ್ಲೂ ಅದರ ಚೂರುಬಟ್ಟೆಯೇ ಎಲ್ಲಕ್ಕಿಂತ ಶುಭ್ರ. ಆದರೆ ಕಿಣ್ವಕ್ಕೆ ಸಮಯ ಬೇಕು. ಹದಿನೈದು ನಿಮಿಷದ ಕ್ವಿಕ್ ವಾಷಿನಲ್ಲಿ ನೀವು ಕೊಟ್ಟ ಹೆಚ್ಚಿನ ದುಡ್ಡು ನೀರಿಗೇ ಹೋಗುತ್ತದೆ. ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಕುದಿಯುವ ನೀರು ಹಾಕಿದರೆ ಕಿಣ್ವ ಸಾಯುತ್ತದೆ. ಮತ್ತೊಂದು, ರೇಷ್ಮೆಯೂ ಉಣ್ಣೆಯೂ ಪ್ರೋಟೀನೇ. ಮೈಸೂರು ಸಿಲ್ಕನ್ನು ಈ ಪುಡಿಯಲ್ಲಿ ನೆನೆಸಿದರೆ ಪ್ರೋಟಿಯೇಸ್‌ಗೆ ಕಲೆ ಯಾವುದು, ಸೀರೆ ಯಾವುದು ಎಂದು ಗೊತ್ತಾಗುವುದಿಲ್ಲ. ಅಂಟುವಾಳ ಗೆದ್ದಿದ್ದು ಅಲ್ಲಿ ಮಾತ್ರ. ಏಳೆಂಟು ಸಿಪ್ಪೆ ಬಿಸಿನೀರಿನಲ್ಲಿ ಕಿವುಚಿ ಸೋಸಿದ ನೀರು ರೇಷ್ಮೆಗೆ ಚೆನ್ನ. ದಿನದ ಶರಟಿಗೆ ಬೆವರಿನ ವಾಸನೆಯೂ ಹೋಗಲಿಲ್ಲ. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ನೆಲ ಒರೆಸುವ ದ್ರಾವಣಗಳ ಕಥೆ ಇದಕ್ಕಿಂತ ಚಿಕ್ಕದು. ಬಣ್ಣದ ಬಾಟಲಿಗಳ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವ ಕ್ರಿಮಿನಾಶಕ ಬೆಂಜಾಲ್ಕೋನಿಯಮ್ ಕ್ಲೋರೈಡ್. ಬಿಳಿ ಫಿನಾಯಿಲ್ ಪೈನ್ ಎಣ್ಣೆಯದ್ದು; ನೀರಿಗೆ ಬಿದ್ದರೆ ಹಾಲಿನಂತಾಗುವುದು ಎಣ್ಣೆ ಸಣ್ಣ ಹನಿಗಳಾಗಿ ಹರಡುವುದರಿಂದ, ಅದು ಶಕ್ತಿಯ ಗುರುತಲ್ಲ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ನಮ್ಮ ಮನೆಯಲ್ಲಿ ಬೆಕ್ಕಿದೆ. ಬೆಕ್ಕಿನ ಯಕೃತ್ತಿಗೆ ಫೀನಾಲನ್ನು ಸರಿಯಾಗಿ ಹೊರಹಾಕುವ ಶಕ್ತಿ ಇಲ್ಲ, ಅದು ಪಾದ ನೆಕ್ಕುತ್ತಲೇ ಇರುತ್ತದೆ. ಹಾಗಾಗಿ ಕಪ್ಪು ಫಿನಾಯಿಲ್ ಹೋಲಿಕೆಗೇ ಬರಲಿಲ್ಲ.

ಐದು ಲೀಟರ್ ನೀರಿಗೆ ಬಣ್ಣದ ದ್ರಾವಣ 25 ಮಿಲಿಲೀಟರ್, ಲೀಟರಿಗೆ 200ರ ಲೆಕ್ಕದಲ್ಲಿ 5 ರೂಪಾಯಿ. ಬಿಳಿ ಫಿನಾಯಿಲ್ 50 ಮಿಲಿಲೀಟರ್, ಲೀಟರಿಗೆ 60ರಂತೆ 3 ರೂಪಾಯಿ. ಬಟ್ಟೆಯ ಅದೇ ಲಿಕ್ವಿಡ್ ಒಂದು ಚಮಚ, 5 ಮಿಲಿಲೀಟರ್, ಒಂದು ರೂಪಾಯಿಗೂ ಕಡಿಮೆ. ಅಡುಗೆಮನೆಯ ಎಣ್ಣೆ ಜಿಡ್ಡನ್ನು ಚೆನ್ನಾಗಿ ತೆಗೆದದ್ದು ಕೊನೆಯದೇ, ಆದರೆ ಇನ್ನೊಂದು ಬಾರಿ ಬರಿ ನೀರಿನಲ್ಲಿ ಒರೆಸದಿದ್ದರೆ ನೆಲ ಅಂಟು. ಇನ್ನು ಕ್ರಿಮಿನಾಶಕದ ಮಾತಿಗೆ ಬಂದರೆ, ನಮ್ಮ ಬಾಟಲಿಯ ಹಿಂದೆ ನೆಲ ಹತ್ತು ನಿಮಿಷ ಒದ್ದೆಯಾಗಿರಬೇಕು ಎಂದು ಬರೆದಿದೆ. ಮಾರ್ಚ್ ತಿಂಗಳಲ್ಲಿ ಫ್ಯಾನಿನ ಕೆಳಗೆ ನಮ್ಮ ಹಾಲ್ ಒಣಗಿದ್ದು ನಾಲ್ಕೇ ನಿಮಿಷಕ್ಕೆ. ಬಚ್ಚಲುಮನೆಯ ನೆಲದಲ್ಲಿ ಅಷ್ಟು ಹೊತ್ತು ನಿಲ್ಲುತ್ತದೆ, ಅಲ್ಲಿಗೆ ಅದನ್ನು ಇಟ್ಟುಕೊಂಡೆ.

ಕೆಲಸಕ್ಕೆ ಬರುವ ಅಕ್ಕ ಅಷ್ಟು ದಿನವೂ ಬಕೆಟ್ಟಿಗೆ ಬಣ್ಣದ ದ್ರಾವಣದ ಜೊತೆ ಒಂದು ಹಿಡಿ ಸೋಪಿನ ಪುಡಿಯನ್ನೂ ಹಾಕುತ್ತಿದ್ದರು, ಎರಡು ಸೇರಿದರೆ ಎರಡು ಪಟ್ಟು ಎಂದು. ಆಗುವುದು ಉಲ್ಟಾ. ಬೆಂಜಾಲ್ಕೋನಿಯಮ್‌ಗೆ ಧನ ವಿದ್ಯುದಂಶ, ಪುಡಿಯ ಡಿಟರ್ಜೆಂಟಿಗೆ ಋಣ. ಒಂದನ್ನೊಂದು ತಬ್ಬಿಕೊಂಡು ಎರಡೂ ಕೆಲಸ ಬಿಡುತ್ತವೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆಸುವುದಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಇಷ್ಟನ್ನೂ ವಿವರಿಸಿ, ಇನ್ನು ಮೇಲೆ ಹಾಲ್ ಒರೆಸಲು ಒಂದು ಚಮಚ ಲಿಕ್ವಿಡ್ ಸಾಕು ಅಂದೆ. ಅವರು ಬಕೆಟ್ ಮೂಸಿ ನೋಡಿ, "ಘಮ ಬರ್ದಿದ್ರೆ ಒರೆಸ್ದಂಗೇ ಆಗಲ್ಲ ಅಕ್ಕ" ಅಂದರು. ಹಾಗಾಗಿ ಶುಕ್ರವಾರಕ್ಕೊಂದು ಮುಚ್ಚಳ ಬಣ್ಣದ ದ್ರಾವಣ, ಸೋಪಿನ ಪುಡಿ ಇಲ್ಲದೆ, ಈಗಲೂ ನಡೆದಿದೆ.